ಮಣ್ಣಿನ ಗೋಡೆಗೆ ಹೊಳಪು ಬೇಡ: ಪೆರ್ಲದ ವಾಚನಾಲಯದ ಚಿತ್ರ ಮಾಡಿದ ಬಗೆ

ಕಾಸರಗೋಡಿನ ಪೆರ್ಲದ ಹತ್ತಿರ ಕಟ್ಟಲಿರುವ ಒಂದು ಪುಟ್ಟ ವಾಚನಾಲಯಕ್ಕೆ ನಾನು ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಚಿತ್ರ ಮಾಡಿದೆ. ಆ ಕೆಲಸದ ವಿವರ ಇದು. ಕಟ್ಟಡ ದೊಡ್ಡದೇನಲ್ಲ. ಒಳಗೆ 6 ಮೀಟರ್ ಉದ್ದ, 4.5 ಮೀಟರ್ ಅಗಲ. ಕೆಳಗೆ 45 ಸೆಂಟಿಮೀಟರ್ ಎತ್ತರದ ಮುರಕಲ್ಲಿನ ಪಂಚಾಂಗ. ಅದರ ಮೇಲೆ ಹಲಗೆ ಕಟ್ಟಿ, ಮಣ್ಣು ತುಂಬಿ ಕುಟ್ಟಿದ 30 ಸೆಂಟಿಮೀಟರ್ ದಪ್ಪದ ಗೋಡೆ, ಎತ್ತರ 2.4 ಮೀಟರ್. ಮಾಡಿಗೆ ಬಿದಿರಿನ ಕಟ್ಟು, ಹಳೆಯ ಮನೆಯಿಂದ ಇಳಿಸಿದ ಮಂಗಳೂರು ಹಂಚು. ಮುಖ ಪೂರ್ವಕ್ಕೆ, ಸೂರು ಪೂರ್ವ ಪಶ್ಚಿಮಗಳಿಗೆ.

ಸಮಿತಿಯ ಕೈಯಲ್ಲಿ ಮೊದಲೇ ಒಂದು ಚಿತ್ರ ಇತ್ತು, ಬೇರೊಬ್ಬರು ಮಾಡಿಕೊಟ್ಟದ್ದು. ಸೂರ್ಯ ಮುಳುಗುವ ಹೊತ್ತು, ಒಳಗೆಲ್ಲ ಹಳದಿ ದೀಪ, ಎಣ್ಣೆ ಸವರಿದ ಹಾಗೆ ಮಿನುಗುವ ಗೋಡೆ, ಒಂದೇ ದಪ್ಪದ ನೆಟ್ಟಗಿನ ಬಿದಿರು. ನಾಲ್ಕೂವರೆ ಮೀಟರಿನ ಕೋಣೆ ಮದುವೆ ಹಾಲಿನಷ್ಟು ಉದ್ದ ಕಾಣುತ್ತಿತ್ತು. ಅದನ್ನು ನೋಡಿದವರಲ್ಲಿ ಕೆಲವರು "ಇದು ನಮ್ಮ ದುಡ್ಡಿಗೆ ಆಗ್ಲಿಕ್ಕಿಲ್ಲ" ಎಂದು ಕೈಬಿಟ್ಟರು. ಇನ್ನು ಕೆಲವರು "ಹೀಗೇ ಬೇಕು" ಎಂದರು. ನನಗೆ ಹೆಚ್ಚು ಚಿಂತೆಯಾದದ್ದು ಎರಡನೆಯವರ ಮಾತಿನಿಂದ. ಹಲಗೆ ಬಿಚ್ಚಿದ ದಿನ ಹೊರಬರುವುದು ಆ ಗೋಡೆಯಲ್ಲ. ಗೆರೆ ಇರುತ್ತದೆ, ತೂತು ಇರುತ್ತದೆ, ಅಲ್ಲಲ್ಲಿ ಜಲ್ಲಿ ಹೊರಗೆ ಕಾಣುತ್ತದೆ. ಚಿತ್ರವನ್ನು ನಂಬಿದವರು ಆಗ ಪುಟ್ಟಿ ಹಾಕಿ, ಪೈಂಟ್ ಬಳಿಯಿರಿ ಎನ್ನುತ್ತಾರೆ. ಅಂದಾಜಿನಲ್ಲಿ ಇಲ್ಲದ ಖರ್ಚು ಬರುತ್ತದೆ. ಅದರ ಮೇಲೆ, ನೀರಾವಿಯನ್ನು ಬಿಡದ ಪೈಂಟಿನ ಹಿಂದೆ ಮಣ್ಣಿನ ತೇವ ಸಿಕ್ಕಿಬಿದ್ದು, ಎರಡು ಮಳೆಗಾಲದೊಳಗೆ ಹೊಪ್ಪಳೆ ಎದ್ದು ಬರುತ್ತದೆ. ಆದ್ದರಿಂದ ನನ್ನ ಕೆಲಸ ಚಂದದ ಚಿತ್ರ ಮಾಡುವುದಷ್ಟೇ ಆಗಿರಲಿಲ್ಲ. ಮೇಸ್ತ್ರಿ ಕಟ್ಟಬಲ್ಲ ಗೋಡೆಯನ್ನೇ ತೋರಿಸಬೇಕಿತ್ತು.

ಮೊದಲು ಒಂದು ತುಂಡು ಗೋಡೆ

ಇಂಟರ್ನೆಟ್ಟಿನಲ್ಲಿ ಸಿಗುವ ಮಣ್ಣಿನ ಗೋಡೆಯ ಟೆಕ್ಸ್ಚರುಗಳನ್ನು ನಾನು ಬಳಸಲಿಲ್ಲ. ಅವು ಬೇರೆ ದೇಶದ ಮಣ್ಣು, ಬೇರೆ ಯಂತ್ರದ ಕುಟ್ಟುವಿಕೆ. ಜಾಗದಲ್ಲೇ ಮೇಸ್ತ್ರಿಯವರು ಒಂದು ನಮೂನೆ ತುಂಡು ಮಾಡಿಕೊಟ್ಟರು: 60 ಸೆಂಟಿಮೀಟರ್ ಉದ್ದ, ಅಷ್ಟೇ ಎತ್ತರ, ಗೋಡೆಯದೇ 30 ಸೆಂಟಿಮೀಟರ್ ದಪ್ಪ. ಅಲ್ಲಿನ ಕೆಂಪು ಮಣ್ಣನ್ನು ಜರಡಿ ಹಿಡಿದು, ಜಿಗುಟು ಹೆಚ್ಚಿದ್ದರಿಂದ ಮರಳು ಕೂಡಿಸಿ, ನೂರಕ್ಕೆ ಏಳರಷ್ಟು ಸಿಮೆಂಟ್ ಬೆರೆಸಿದ ಮಣ್ಣು. ತೇವ ಎಷ್ಟಿರಬೇಕೆಂದು ಅವರು ನೋಡಿದ್ದು ಉಂಡೆ ಕಟ್ಟಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಎದೆಯೆತ್ತರದಿಂದ ಬಿಟ್ಟರೆ ನಾಲ್ಕಾರು ತುಂಡಾಗಿ ಒಡೆಯಬೇಕು. ಚಪ್ಪಟೆಯಾಗಿ ಅಂಟಿಕೊಂಡರೆ ನೀರು ಜಾಸ್ತಿ, ಪುಡಿಪುಡಿಯಾದರೆ ಕಡಿಮೆ.

ಒಂದೊಂದು ಸಲಕ್ಕೆ ಸುಮಾರು 15 ಸೆಂಟಿಮೀಟರ್ ಸಡಿಲ ಮಣ್ಣು ಹಾಕಿ ಕುಟ್ಟಿದರೆ ಅದು 10ರ ಆಸುಪಾಸಿಗೆ ಇಳಿಯುತ್ತದೆ. ಇಡೀ ಚಿತ್ರಕ್ಕೆ ಬೇಕಾದ ಗುಟ್ಟು ಇಲ್ಲಿದೆ. ಏಟು ಬೀಳುವುದು ಮೇಲಿನಿಂದ. ಕೆಳಗೆ ಹೋದ ಹಾಗೆ ಅದರ ಬಲ ಕುಂದುತ್ತದೆ. ಹಾಗಾಗಿ ಪ್ರತಿ ಪದರದ ಮೇಲ್ಭಾಗ ಬಿಗಿಯಾಗಿ ನುಣುಪಾಗಿ ಇರುತ್ತದೆ. ತಳದಲ್ಲಿ ಸಣ್ಣ ಜಲ್ಲಿ, ಸಂದು, ಒರಟು. ಕಣ್ಣಿಗೆ ಕಾಣುವ ಅಡ್ಡಗೆರೆ ಎಂದರೆ ಒಂದು ಪದರದ ಬಿಗಿಯಾದ ತಲೆ ಮತ್ತು ಅದರ ಮೇಲಿನ ಪದರದ ಸಡಿಲ ಪಾದ ಸೇರುವ ಜಾಗ. ಅದು ಬಳಿದ ಗೆರೆಯಲ್ಲ. ಹೊಳಪಿನ ಚಿತ್ರಗಳಲ್ಲಿ ಕಂದು, ಕೇಸರಿ, ಕೆನೆ ಬಣ್ಣದ ಪಟ್ಟೆಗಳನ್ನು ಸಮ ಅಂತರದಲ್ಲಿ ಎಳೆದಿರುತ್ತಾರೆ. ಅಂಥ ಪಟ್ಟೆ ಬರಬೇಕಾದರೆ ಪದರಕ್ಕೊಂದು ಬೇರೆ ಮಣ್ಣು ತರಿಸಬೇಕು. ಒಂದೇ ಗುಂಡಿಯ ಮಣ್ಣಿನ ನಮ್ಮ ಗೋಡೆಯಲ್ಲಿ ಪದರದಿಂದ ಪದರಕ್ಕೆ ಬಣ್ಣದ ವ್ಯತ್ಯಾಸ ತೀರ ಸಣ್ಣದು. ಅದೂ ಕಲಸಿದ ತೇವ, ಸಿಮೆಂಟ್ ಹೆಚ್ಚುಕಡಿಮೆಯಾದದ್ದರಿಂದ ಬರುವಂಥದ್ದು.

ಹಳೆಯ ಚಿತ್ರವನ್ನು ಮೇಸ್ತ್ರಿಯವರಿಗೆ ತೋರಿಸಿದಾಗ ಅವರು ಮೂಲೆಗೆ ಬೆರಳಿಟ್ಟರು. "ಈ ಮೂಲೆ ಇಷ್ಟು ಹರಿತ ನಿಲ್ಲುದಿಲ್ಲ ಮಾರಾಯ್ರೆ. ಹಲಗೆ ತೆಗೆಯುವಾಗಲೇ ಕಿತ್ತು ಬರ್ತದೆ. ನಾವು ಒಳಗೆ ಮೂರು ಮೂಲೆಯ ಪಟ್ಟಿ ಇಟ್ಟು ಮೂಲೆ ಒಡೀತೇವೆ. ಮತ್ತೆ ಬೋಲ್ಟಿನ ತೂತು ಎಲ್ಲಿ? ತೂತು ಇಲ್ಲದೆ ಹಲಗೆ ನಿಲ್ಲಿಸುದು ಹೇಗೆ?" ನಮೂನೆಯ ತುಂಡನ್ನು ಅಳೆದು ನೋಡಿದೆ. ಒಡೆದ ಮೂಲೆ ಸುಮಾರು ಎರಡೂವರೆ ಸೆಂಟಿಮೀಟರ್. ತೂತನ್ನು ಅದೇ ಮಣ್ಣಿನಿಂದ ಮುಚ್ಚಿದ್ದರೂ ಬಿಲ್ಲೆಯಗಲದ ಗುರುತು ಉಳಿದಿತ್ತು. ಎರಡನ್ನೂ ಮಾಡೆಲ್ಲಿಗೆ ಹಾಕಿದೆ.

ತುಂಡು ಒಣಗಿದ ಮೇಲೆ ಮೋಡ ಮುಚ್ಚಿದ ಹೊತ್ತು ನೋಡಿ ಫೋಟೋ ತೆಗೆದೆ. ಬಿಸಿಲಿನಲ್ಲಿ ತೆಗೆದರೆ ನೆರಳೂ ಬಣ್ಣದೊಳಗೆ ಸೇರಿಕೊಳ್ಳುತ್ತದೆ; ಆಮೇಲೆ ಅದನ್ನು ಬಿಡಿಸಲಾಗುವುದಿಲ್ಲ. ಪಕ್ಕದಲ್ಲಿ ನೂರಕ್ಕೆ 18ರಷ್ಟು ಬೆಳಕು ಹಿಂದಿರುಗಿಸುವ ಬೂದು ಕಾರ್ಡ್ ಇಟ್ಟಿದ್ದೆ. ರಾ ಫೈಲಿನಲ್ಲಿ ಆ ಕಾರ್ಡ್ 0ಯಿಂದ 255ರ ಅಳತೆಯಲ್ಲಿ 118ರ ಹತ್ತಿರ ಬರುವ ಹಾಗೆ ಎಕ್ಸ್‌ಪೋಷರ್ ಸರಿಮಾಡಿ, ಬಿಳುಪನ್ನೂ ಅದರಿಂದಲೇ ಹೊಂದಿಸಿದರೆ ಮಣ್ಣಿನ ನಿಜವಾದ ಬಣ್ಣ ಸಿಗುತ್ತದೆ. ನಮ್ಮದು `#A8704E`ರ ಆಸುಪಾಸು ಬಂತು. ಲೆಕ್ಕ ಹಾಕಿದರೆ ಬಿದ್ದ ಬೆಳಕಿನಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಮಾತ್ರ ಹಿಂದಿರುಗಿಸುವ ಗೋಡೆ. ಪರದೆಯ ಮೇಲೆ ಕಣ್ಣಂದಾಜಿನಲ್ಲಿ ಬಣ್ಣ ಆರಿಸಿದವರು ಸಾಮಾನ್ಯವಾಗಿ ಇದರ ಎರಡು ಪಟ್ಟು ತಿಳಿಯಾದ, ಹೆಚ್ಚು ಕೇಸರಿಯಾದ ಬಣ್ಣ ಹಾಕುತ್ತಾರೆ. ಮಣ್ಣಿನ ಗೋಡೆ ಒಳಗಿನಿಂದ ಬೆಳಗಿದ ಹಾಗೆ ಕಾಣುವುದಕ್ಕೆ ಅರ್ಧ ಕಾರಣ ಅದೇ.

ಪದರಗಳ ನಕ್ಷೆ

ಗೋಡೆಯ ಮೇಲೆ ಒಂದು ಫೋಟೋವನ್ನು ಮತ್ತೆ ಮತ್ತೆ ಅಂಟಿಸುತ್ತ ಹೋದರೆ ಆರು ಮೀಟರಿನಲ್ಲಿ ಅದೇ ಜಲ್ಲಿ ಹತ್ತು ಸಲ ಕಾಣುತ್ತದೆ. ಅದಕ್ಕೆ ಪದರಗಳನ್ನು ಲೆಕ್ಕದಿಂದಲೇ ಹುಟ್ಟಿಸಿದೆ. ಬ್ಲೆಂಡರಿನ `Scripting` ಕಿಟಕಿಯಲ್ಲಿ ಓಡಿಸಿದ ಈ ಸಣ್ಣ ಕೋಡ್ ಒಂದು ಪಿಕ್ಸೆಲ್ ಅಗಲದ, 2400 ಪಿಕ್ಸೆಲ್ ಎತ್ತರದ ಚಿತ್ರ ಮಾಡುತ್ತದೆ. ಒಂದು ಪಿಕ್ಸೆಲ್ ಎಂದರೆ ಒಂದು ಮಿಲಿಮೀಟರ್.

```python
import bpy, random
random.seed(7)
H = 2400
img = bpy.data.images.new("lift_map", 1, H,
        float_buffer=True, is_data=True)
px = []
while len(px) < H * 4:
    n = random.randint(90, 130)   # ಪದರದ ದಪ್ಪ, ಮಿ.ಮೀ.
    tone = random.random()        # ಪದರದ ಬಣ್ಣದ ಏರಿಳಿತ
    for i in range(n):
        px += [i / n, tone, 0, 1]
img.pixels = px[:H * 4]
img.pack()
```

ಇದರ ಕೆಂಪು ಚಾನೆಲ್ ಪದರದ ಪಾದದಿಂದ ತಲೆಯವರೆಗೆ 0ಯಿಂದ 1ಕ್ಕೆ ಏರುತ್ತದೆ. ಹಸಿರು ಚಾನೆಲ್ಲಿನಲ್ಲಿ ಪದರಕ್ಕೊಂದು ಬೇರೆ ಬೆಲೆ. ಗೋಡೆಯ ಮೂಲಬಿಂದು ಪಂಚಾಂಗದ ಮೇಲ್ಮೈಯಲ್ಲಿರಬೇಕು, ಅಳತೆಗಳನ್ನು `Apply Scale` ಮಾಡಿರಬೇಕು. ಆಮೇಲೆ `Texture Coordinate`ನ `Object` ತೆಗೆದುಕೊಂಡು, ಅದರ Z ಬೆಲೆಯನ್ನು 2.4ರಿಂದ ಭಾಗಿಸಿ, ಈ ಚಿತ್ರದ Yಗೆ ಕೊಟ್ಟೆ. ಚಿತ್ರದ `Image Texture` ನೋಡ್‌ನಲ್ಲಿ `Linear` ಬದಲು `Closest`. ಹಾಗೆಯೇ ಬಿಟ್ಟರೆ ಗೆರೆಗಳು ಸ್ಕೇಲ್ ಇಟ್ಟು ಎಳೆದ ಹಾಗೆ ಬರುತ್ತವೆ. ಆದರೆ ಕುಟ್ಟುವವರ ಕೈ ಹಲಗೆಯ ಬದಿಯಲ್ಲಿ ಒಂದು ರೀತಿ, ನಡುವೆ ಇನ್ನೊಂದು ರೀತಿ ಓಡುತ್ತದೆ, ಪದರ ಅಲೆಅಲೆಯಾಗುತ್ತದೆ. ಅದಕ್ಕೆ Z ಬೆಲೆಗೆ ಮೊದಲೇ ಒಂದು ದೊಡ್ಡ ಗಾತ್ರದ `Noise Texture` ಕೂಡಿಸಿ, ಗೆರೆ ಹೆಚ್ಚೆಂದರೆ ಒಂದೂವರೆ ಸೆಂಟಿಮೀಟರ್ ಮೇಲೆ ಕೆಳಗೆ ಆಡುವಂತೆ ಮಾಡಿದೆ.

ಕೆಂಪು ಚಾನೆಲ್ಲಿನಿಂದ ಮೂರು ಕೆಲಸ ನಡೆಯುತ್ತದೆ. ಅದರ ಬೆಲೆ 0.3ಕ್ಕಿಂತ ಕೆಳಗಿರುವಲ್ಲಿ ಮಾತ್ರ ಜಲ್ಲಿಯ ಉಬ್ಬು ಮತ್ತು ಸಂದು ಕಾಣಿಸಿಕೊಳ್ಳುತ್ತವೆ, ತಲೆಯ ಕಡೆಗೆ ಹೋದಂತೆ ಮಾಯವಾಗುತ್ತವೆ. ಉಬ್ಬುತಗ್ಗು ಒಟ್ಟು 6 ಮಿಲಿಮೀಟರ್ ಮೀರದಂತೆ `Displacement` ನೋಡಿನಲ್ಲಿ `Scale` 0.006 ಇಟ್ಟೆ. ಇನ್ನು ಒರಟುತನ: ತಲೆಯಲ್ಲಿ `Roughness` 0.8, ಪಾದದಲ್ಲಿ 0.95. `Principled BSDF` ಹೊಸದಾಗಿ ತೆರೆದಾಗ ಅದರಲ್ಲಿರುವ 0.5 ಮಣ್ಣಿಗೆ ಹೊಂದುವುದಿಲ್ಲ. ಓರೆ ಬೆಳಕಿನಲ್ಲಿ ಪ್ಲಾಸ್ಟಿಕ್ಕಿನ ಮಿನುಗು ಬರುತ್ತದೆ. ಹೊಸ ಆವೃತ್ತಿಗಳಲ್ಲಿ `Diffuse Roughness` ಎಂಬ ಇನ್ನೊಂದು ಗುಂಡಿ ಇದೆ. ಅದನ್ನು ಏರಿಸಿದರೆ ಗೋಡೆಯ ಅಂಚುಗಳು ನಡುವಿನಷ್ಟೇ ಬೆಳಕಾಗಿ, ಪುಡಿಪುಡಿಯಾದ ಮೇಲ್ಮೈಯ ಮಂಕುತನ ಸರಿಯಾಗಿ ಬರುತ್ತದೆ. ಮಣ್ಣಿನ ಚಿತ್ರಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ ಎಂದು ನನ್ನ ಅನಿಸಿಕೆ. ಹಸಿರು ಚಾನೆಲ್ಲಿನ ಏರಿಳಿತವನ್ನು ಬಣ್ಣಕ್ಕೆ ಸೇರಿಸುವಾಗ ಕೈ ತಡೆಯಬೇಕು. ನಮೂನೆಯ ತುಂಡಿನಲ್ಲಿ ಅತಿ ಗಾಢ ಪದರಕ್ಕೂ ಅತಿ ತಿಳಿ ಪದರಕ್ಕೂ ಇದ್ದ ಅಂತರ ನೂರಕ್ಕೆ ಹತ್ತನ್ನು ದಾಟಿರಲಿಲ್ಲ. ಚಿತ್ರದಲ್ಲೂ ಅಷ್ಟಕ್ಕೇ ನಿಲ್ಲಿಸಿದೆ.

ನಿಜವಾದ ಉಬ್ಬುತಗ್ಗಿಗೆ ಮೆಮೊರಿ ಬಹಳ ಬೇಕು. ಕ್ಯಾಮೆರಾದ ಹತ್ತಿರದ ಗೋಡೆಗೆ ಮಾತ್ರ ಮೆಟೀರಿಯಲ್ಲಿನ ಸೆಟ್ಟಿಂಗಿನಲ್ಲಿ `Displacement and Bump` ಕೊಟ್ಟು, ದೂರದ ಗೋಡೆಗಳಿಗೆ `Bump Only` ಸಾಕೆಂದು ಬಿಟ್ಟೆ. ಹತ್ತು ಮೀಟರಿನಾಚೆ ಆರು ಮಿಲಿಮೀಟರಿನ ತಗ್ಗು ಯಾರ ಕಣ್ಣಿಗೂ ಸಿಗುವುದಿಲ್ಲ.

ಇಷ್ಟಾದ ಮೇಲೆ ಸರಿ ಇದೆಯೇ ಎಂದು ನೋಡಲು ಒಂದು ಪರೀಕ್ಷೆ. ನಮೂನೆಯ ತುಂಡಿನದೇ ಅಳತೆಯ ಮಾಡೆಲ್ ಮಾಡಿ ಇದೇ ಮೆಟೀರಿಯಲ್ ಹಾಕಿ, ಸುತ್ತ ಶುದ್ಧ ಬಿಳಿ ಆಕಾಶ, `Strength` 1, ಬಣ್ಣದ ನೋಟ `Standard`. ಆ ರೆಂಡರನ್ನು ಮೋಡದ ಬೆಳಕಿನ ಫೋಟೋದ ಪಕ್ಕದಲ್ಲಿಟ್ಟು ಎರಡನ್ನೂ ಕಪ್ಪುಬಿಳುಪು ಮಾಡಿ ನೋಡಬೇಕು. ಬಣ್ಣ ಹೋದ ಕೂಡಲೇ ಕಣ್ಣು ಮೇಲ್ಮೈಯನ್ನಷ್ಟೇ ನೋಡುತ್ತದೆ. ರೆಂಡರಿನಲ್ಲಿ ಗೆರೆಗಳು ಫೋಟೋದಲ್ಲಿಗಿಂತ ಮುಂದಕ್ಕೆ ಹಾರಿ ಬಂದರೆ ಉಬ್ಬು ಹೆಚ್ಚಾಗಿದೆ. ತುಂಡು ಇಡೀ ಒಂದೇ ಬೂದಿಯಾದರೆ ಕಡಿಮೆಯಾಗಿದೆ.

ಬಿದಿರು

ಹೊಳಪು ಬೇಡ ಎಂದ ಮಾತ್ರಕ್ಕೆ ಬಿದಿರನ್ನೂ ಮಣ್ಣಿನಷ್ಟೇ ಮಂಕು ಮಾಡಿದರೆ ಅದೂ ಸುಳ್ಳೇ. ಬಿದಿರಿನ ಹೊರಸಿಪ್ಪೆಯಲ್ಲಿ ಸಿಲಿಕಾ ಇದೆ, ಮೇಣದ ಪದರ ಇದೆ. ವಾರ್ನಿಶ್ ಇಲ್ಲದೆಯೂ ಅದಕ್ಕೊಂದು ಸೌಮ್ಯ ಮಿನುಗು ಉಂಟು. ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ನೀರಿನಲ್ಲಿ ಮುಳುಗಿಸಿ ನೆರಳಲ್ಲಿ ಒಣಗಿಸಿದ ಗಳ ಬೈಹುಲ್ಲಿನ ಬಣ್ಣಕ್ಕೆ ತಿರುಗಿರುತ್ತದೆ. ಅದಕ್ಕೆ ನಾನು ಇಟ್ಟ `Roughness` 0.45. ಗಿಣ್ಣಿನ ಸುತ್ತ 0.7, ಕಡಿದ ತುದಿಗೆ 0.9. ವಾರ್ನಿಶ್ ಬಳಿದ ಹಾಗೆ ಕಾಣಿಸುವ `Coat` ಗುಂಡಿಯನ್ನು ಮುಟ್ಟಲೇ ಇಲ್ಲ.

ಬಿದಿರು ಬಿದಿರೆಂದು ಅನ್ನಿಸುವುದು ಹೆಚ್ಚಾಗಿ ಆಕಾರದಿಂದ. ಬುಡದಲ್ಲಿ ಗಿಣ್ಣುಗಳು ಒತ್ತೊತ್ತಾಗಿ, ನಡುವಿನಲ್ಲಿ ದೂರದೂರ, ತುದಿಗೆ ಮತ್ತೆ ಹತ್ತಿರ. ಆರು ಮೀಟರಿನ ಒಂದು ಗಳ ಬುಡದಲ್ಲಿ 10 ಸೆಂಟಿಮೀಟರ್ ದಪ್ಪವಿದ್ದರೆ ತುದಿಯಲ್ಲಿ 7 ಇಟ್ಟೆ. ಯಾವ ಗಳವೂ ದಾರ ಹಿಡಿದಷ್ಟು ನೇರವಿಲ್ಲ; ಎರಡು ಮೂರು ಸೆಂಟಿಮೀಟರ್ ಬಾಗು ಇದ್ದೇ ಇರುತ್ತದೆ. ಕವಲಿನ ಗುರುತು ಒಂದು ಗಿಣ್ಣಿನಲ್ಲಿ ಎಡಕ್ಕಾದರೆ ಮುಂದಿನದರಲ್ಲಿ ಬಲಕ್ಕೆ. ಹೀಗೆ ಐದು ಬೇರೆ ಗಳ ಮಾಡಿಟ್ಟು, ತಿರುಗಿಸಿ ಬುಡತುದಿ ಅದಲುಬದಲು ಮಾಡಿ ಇಡೀ ಮಾಡಿಗೆ ಬಳಸಿದೆ. ಬಣ್ಣದ ಸಣ್ಣ ವ್ಯತ್ಯಾಸಕ್ಕೆ `Object Info` ನೋಡಿನ `Random` ಸಾಕು.

ಗಳಗಳು ಕೂಡುವ ಜಾಗವನ್ನು ಮೇಸ್ತ್ರಿಯೂ ಬಡಗಿಯೂ ಮೊದಲು ನೋಡುತ್ತಾರೆ. ಹೊಳಪಿನ ಚಿತ್ರಗಳಲ್ಲಿ ಒಂದು ಗಳ ಇನ್ನೊಂದರೊಳಗೆ ನುಗ್ಗಿ ಹೊರಬಂದಿರುತ್ತದೆ. ನಿಜದಲ್ಲಿ ಮೀನಿನ ಬಾಯಿಯ ಹಾಗೆ ಕಚ್ಚು ತೆಗೆದು ಕೂರಿಸಿ ಬೋಲ್ಟ್ ಹಾಕಬೇಕು, ಬೋಲ್ಟ್ ಹಾದುಹೋಗುವ ಗೂಡಿಗೆ ಸಿಮೆಂಟ್ ಗಾರೆ ತುಂಬಬೇಕು. ಜೋಡಣೆ ಗಿಣ್ಣಿನ ಪಕ್ಕದಲ್ಲೇ ಬರಬೇಕು, ಇಲ್ಲವಾದರೆ ಗಳ ಜಜ್ಜಿಹೋಗುತ್ತದೆ. ಸೂರಿನಲ್ಲಿ ಹೊರಚಾಚಿದ ತುದಿಯನ್ನು ಗಿಣ್ಣು ದಾಟಿದ ಕೂಡಲೇ ಕಡಿದರೆ ಬಾಯಿ ಮುಚ್ಚಿರುತ್ತದೆ. ನೀರು, ಹುಳ ಒಳಹೋಗುವುದಿಲ್ಲ. ಆದ್ದರಿಂದ ನನ್ನ ಮಾಡೆಲ್ಲಿನಲ್ಲಿ ಗಳಗಳನ್ನು ಇಡುವಾಗ ಗಿಣ್ಣಿನ ಜಾಗ ನೋಡಿಯೇ ಸರಿಸಿದ್ದು. ತಾಳ್ಮೆ ಬೇಡುವ ಕೆಲಸ, ಆದರೆ ಈ ಚಿತ್ರವನ್ನು ಬಡಗಿ ನೋಡಿ ಅಳತೆ ತೆಗೆಯಬಹುದು.

ನಮ್ಮ ಊರಿನ ಬಿಸಿಲು

ಪೆರ್ಲ ಇರುವುದು ಸುಮಾರು 12.6 ಡಿಗ್ರಿ ಉತ್ತರ, 75.1 ಡಿಗ್ರಿ ಪೂರ್ವದಲ್ಲಿ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿಯ ಲೆಕ್ಕದಲ್ಲಿ. ಹಾಗಾಗಿ ನಮ್ಮಲ್ಲಿ ಸೂರ್ಯ ನೆತ್ತಿಯ ರೇಖೆಗೆ ಬರುವುದು ಸರಾಸರಿ ಹನ್ನೆರಡೂವರೆಗೆ, ಜನವರಿಯ ನಡುವಿನಲ್ಲಿ ಇನ್ನೂ ತಡವಾಗಿ. ಇದನ್ನು ಮರೆತು ಸೂರ್ಯನನ್ನು ಕೈಯಲ್ಲಿ ತಿರುಗಿಸಿದರೆ ನೆರಳು ಎಲ್ಲೋ ಬೀಳುತ್ತದೆ. `Sun Position` ಆಡ್-ಆನ್‌ನಲ್ಲಿ ಊರಿನ ಅಕ್ಷಾಂಶ ರೇಖಾಂಶ, ಸಮಯ ವಲಯ, ದಿನ, ಗಂಟೆ ಕೊಟ್ಟರೆ ಅದೇ ಲೆಕ್ಕ ಹಾಕುತ್ತದೆ.

ಮೊದಲ ಚಿತ್ರಕ್ಕೆ ಜನವರಿ ನಡುವಿನ ಬೆಳಿಗ್ಗೆ 10 ಗಂಟೆ ಆರಿಸಿದೆ. ವಾಚನಾಲಯಕ್ಕೆ ಜನ ಬರುವ ಹೊತ್ತು. ಸೂರ್ಯನ ಎತ್ತರ ಸುಮಾರು 38 ಡಿಗ್ರಿ, ದಿಕ್ಕು ಆಗ್ನೇಯ. ನಕ್ಷೆಯಲ್ಲಿದ್ದ 60 ಸೆಂಟಿಮೀಟರಿನ ಸೂರು ಆ ಹೊತ್ತಿಗೆ ಪೂರ್ವದ ಗೋಡೆಯ ಮೇಲಿನ ಸುಮಾರು 90 ಸೆಂಟಿಮೀಟರನ್ನು ನೆರಳಿನಲ್ಲಿಡುತ್ತದೆ. ಸಂಜೆಯ ಚಿತ್ರಗಳು ಈ ನೆರಳನ್ನು ತಪ್ಪಿಸುತ್ತವೆ. ತಗ್ಗಿದ ಸೂರ್ಯ ಗೋಡೆಯನ್ನು ತಲೆಯಿಂದ ಪಾದದವರೆಗೆ ಬೆಳಗಿಸಿ ಎಲ್ಲವನ್ನೂ ಜೇನಿನ ಬಣ್ಣ ಮಾಡುತ್ತಾನೆ. ಮಳೆನಾಡಿನ ಮನೆಯ ಗೋಡೆ ಹಗಲು ಹೆಚ್ಚು ಹೊತ್ತು ಇರುವುದು ಸೂರಿನ ನೆರಳಲ್ಲೇ. ಅದನ್ನು ಹಾಗೆಯೇ ಬಿಟ್ಟೆ. ನೆರಳಿನೊಳಗೆ ಮೇಲ್ಮೈ ಕಾಣಬೇಕಾದರೆ ಅಂಗಳದಿಂದ ಪುಟಿದ ಬೆಳಕು ಬೇಕು. ಹಸಿರು ಲಾನ್ ಹಾಕಿದ್ದರೆ ಗೋಡೆಗೆ ಹಸಿರು ಛಾಯೆ ಬರುತ್ತಿತ್ತು. ಅಲ್ಲಿರುವುದು ಕೆಂಪು ಮಣ್ಣಿನ ಅಂಗಳ, ಸುತ್ತ ಅಡಿಕೆ ತೋಟ. ಅಂಗಳಕ್ಕೂ ಅಳೆದ ಬಣ್ಣವನ್ನೇ ಕೊಟ್ಟಾಗ ಸೂರಿನಡಿಯ ಬಿದಿರಿಗೆ ಕೆಳಗಿನಿಂದ ತುಸು ಕೆಂಪು ಬಂದು, ಪದರದ ಪಾದಗಳು ಮೆಲ್ಲಗೆ ಕಾಣಿಸಿಕೊಂಡವು.

ಕ್ಯಾಮೆರಾ ನೆಲದಿಂದ 1.55 ಮೀಟರ್, ಲೆನ್ಸ್ 32 ಮಿಲಿಮೀಟರ್. ಒಳಗಿನ ಚಿತ್ರಕ್ಕೂ 28ಕ್ಕಿಂತ ಕೆಳಗೆ ಹೋಗಲಿಲ್ಲ. 18ರ ಲೆನ್ಸ್ ಇಟ್ಟರೆ ಇಡೀ ಕೋಣೆ ಒಂದೇ ಚಿತ್ರದಲ್ಲಿ ಸಿಗುತ್ತದೆ, ಹತ್ತು ಕುರ್ಚಿ ಹಿಡಿಸುವಲ್ಲಿ ಮೂವತ್ತು ಹಿಡಿಸುವ ಹಾಗೆ ಕಾಣುತ್ತದೆ. ಬಣ್ಣದ ನೋಟ `AgX`, `Look` ಜಾಗದಲ್ಲಿ `None`. ಬೆಳಕು ಸರಿ ಇದೆಯೇ ಎಂದು ನೋಡಲು 0.18 ಬೂದು ಬಣ್ಣದ ಒಂದು ಗುಂಡನ್ನು ಅಂಗಳದಲ್ಲಿಟ್ಟು, ಹೊಂದಿಸಿದ ಮೇಲೆ ತೆಗೆದೆ.

ಮಳೆ ಮತ್ತು ವಯಸ್ಸು

ನನ್ನ ಮಟ್ಟಿಗೆ ಮುಖ್ಯ ಚಿತ್ರ ಇದು. ಕಾಸರಗೋಡಿನ ಕಟ್ಟಡವನ್ನು ಜುಲೈಯಲ್ಲಿ ತೋರಿಸದಿದ್ದರೆ ಅರ್ಧ ತೋರಿಸಿದ ಹಾಗೆ. ಎಷ್ಟು ಗೋಡೆ ಒದ್ದೆಯಾಗುತ್ತದೆ ಎಂಬುದನ್ನು ಕುಂಚದಿಂದ ಬಳಿಯದೆ ಲೆಕ್ಕದಿಂದ ತಂದೆ. ಪಡುವಣ ಗಾಳಿಯ ಮಳೆ ನೇರಕ್ಕಿಂತ 30 ಡಿಗ್ರಿ ಓರೆಯಾಗಿ ಬಡಿಯುತ್ತದೆ ಎಂದಿಟ್ಟುಕೊಳ್ಳೋಣ. 60 ಸೆಂಟಿಮೀಟರಿನ ಸೂರು ತನ್ನ ಅಂಚಿನಿಂದ ಕೆಳಗೆ 104 ಸೆಂಟಿಮೀಟರ್ ಗೋಡೆಯನ್ನು ಕಾಯುತ್ತದೆ. ಮಾಡಿನ ಇಳಿಜಾರು 25 ಡಿಗ್ರಿ, ಅಂದರೆ ಸೂರಿನ ಅಂಚು ಗೋಡೆಯ ತಲೆಗಿಂತ 28 ಸೆಂಟಿಮೀಟರ್ ಕೆಳಗಿದೆ. ಎರಡೂ ಸೇರಿ 132. ಗೋಡೆಯ ಎತ್ತರ 240. ಉಳಿದ 108 ಸೆಂಟಿಮೀಟರ್ ಮಳೆಗೆ ತೆರೆದೇ ಇದೆ. ಗೋಡೆಯ ಹತ್ತಿರ ಹತ್ತಿರ ಅರ್ಧ!

ಮೆಟೀರಿಯಲ್ಲಿನಲ್ಲಿ ಆ 108ರ ಎತ್ತರಕ್ಕೆ ಒಂದು ಮುಸುಕು ಮಾಡಿ, ಅಂಚನ್ನು `Noise Texture`ನಿಂದ ಹರಿದೆ. ಒದ್ದೆಯ ಬಣ್ಣ ಒಣಬಣ್ಣದ ಅರ್ಧದಷ್ಟು ಗಾಢ. ನಮೂನೆಯ ತುಂಡಿಗೆ ನೀರು ಹೊಯ್ದು ಅದೇ ಕಾರ್ಡ್ ಇಟ್ಟು ಅಳೆದದ್ದು. ಒದ್ದೆ ಎಂದ ಕೂಡಲೇ `Roughness` 0.1ಕ್ಕೆ ಇಳಿಸುವವರಿದ್ದಾರೆ, ಹೊಳಪು ಅಲ್ಲಿಂದಲೇ ಹಿಂಬಾಗಿಲಲ್ಲಿ ಒಳಬರುತ್ತದೆ. ಮಣ್ಣು ನೀರು ಕುಡಿಯುತ್ತದೆ. ನೀರು ರಂಧ್ರಗಳೊಳಗೆ ಇಳಿದು ಗಾಢವಾಗುತ್ತದೆಯೇ ಹೊರತು ಮೇಲೆ ಕನ್ನಡಿಯಾಗಿ ನಿಲ್ಲುವುದಿಲ್ಲ. ನಾನು 0.6ರಲ್ಲಿ ನಿಲ್ಲಿಸಿದೆ. ನೀರು ನಿಲ್ಲುವ ಜಾಗ ಮೆಟ್ಟಿಲಿನ ಸಿಮೆಂಟ್ ಮಾತ್ರ, ಅಲ್ಲಿ ಆಕಾಶ ಕಾಣಲಿ. ಬೆಳಕಿಗೆ ಸೂರ್ಯನಿಲ್ಲದ ಬೂದು ಆಕಾಶ.

ಇದೇ ಮುಸುಕನ್ನು ಮೂರನೆಯ ಚಿತ್ರಕ್ಕೂ ಬಳಸಿದೆ: ಕೆಲವು ಮಳೆಗಾಲ ಕಳೆದ ಮೇಲಿನ ಗೋಡೆ. ಒದ್ದೆಯಾಗುತ್ತಿದ್ದ ಜಾಗದಲ್ಲಿ ನುಣ್ಣನೆಯ ಮಣ್ಣು ತೊಳೆದುಹೋಗಿ ಜಲ್ಲಿ ಎದ್ದು ಕಾಣುತ್ತದೆ, ಆದ್ದರಿಂದ ಅಲ್ಲಿ ಉಬ್ಬನ್ನು ಹೆಚ್ಚಿಸಿದೆ. ಪಂಚಾಂಗದ ಮುರಕಲ್ಲಿನ ಮೇಲೆ ಕಪ್ಪು ಹಾವಸೆ. ಸೂರಿನಾಚೆ ಬಿಸಿಲು ಮಳೆಗೆ ಸಿಕ್ಕಿದ ಬಿದಿರಿನ ತುದಿ ಬೂದಿಬಣ್ಣಕ್ಕೆ ತಿರುಗಿ, ಮಿನುಗು ಕಳೆದುಕೊಂಡಿದೆ. ಒಳಗಿನ ಗಳಗಳು ಮಾತ್ರ ಇನ್ನೂ ಜೇನು ಬಣ್ಣದಲ್ಲಿವೆ.

ಮೂರೂ ಚಿತ್ರಗಳನ್ನು ಮ್ಯಾಟ್ ಕಾಗದದಲ್ಲಿ ಎ3 ಅಳತೆಗೆ ಪ್ರಿಂಟ್ ತೆಗೆಸಿದೆ. ಫ್ಲೆಕ್ಸಿಗೆ ಕೊಟ್ಟರೆ ಕೆಂಪು ಉರಿಯುತ್ತದೆ, ಮೇಲ್ಮೈಯೂ ಮಿನುಗುತ್ತದೆ, ಇಷ್ಟು ಹೊತ್ತು ತೆಗೆದ ಹೊಳಪನ್ನು ಪ್ರಿಂಟಿನ ಅಂಗಡಿಯಲ್ಲಿ ಮತ್ತೆ ಹಾಕಿಸಿಕೊಂಡ ಹಾಗಾಗುತ್ತದೆ. ನಮೂನೆಯ ತುಂಡನ್ನೂ ಸಭೆಗೆ ತರಿಸಿ ಚಿತ್ರದ ಪಕ್ಕದಲ್ಲೇ ಇಟ್ಟೆವು. ಒಬ್ಬ ನಿವೃತ್ತ ಮಾಷ್ಟ್ರು ತುಂಡನ್ನು ಕೈಯಲ್ಲಿ ಸವರಿ, ಮೂರನೆಯ ಚಿತ್ರದ ಪಶ್ಚಿಮದ ಗೋಡೆಗೆ ಬೆರಳಿಟ್ಟು ಕೇಳಿದರು: "ಇಷ್ಟು ಮೇಲಿನವರೆಗೆ ಮಣ್ಣು ತೊಳೆದು ಹೋಗ್ತದಾ? ಹಾಗಾದ್ರೆ ಮಾಡನ್ನು ಇನ್ನೂ ಮುಂದೆ ತರ್ಲಿಕ್ಕೆ ಆಗುದಿಲ್ವಾ?"

ಮೇಸ್ತ್ರಿಯವರು "ಆಗ್ತದೆ ಮಾಷ್ಟ್ರೇ, ಗಳ ಉದ್ದ ಉಂಟು, ಹಂಚು ಎರಡು ಸಾಲು ಜಾಸ್ತಿ ಬೇಕಷ್ಟೆ" ಎಂದರು. ಅಲ್ಲೇ ಲೆಕ್ಕ ಹಾಕಿದೆ. ಸೂರನ್ನು 90 ಸೆಂಟಿಮೀಟರ್ ಮಾಡಿದರೆ ಓರೆ ಮಳೆಯಿಂದ 156, ಇಳಿಜಾರಿನಿಂದ 42, ಒಟ್ಟು 198 ಸೆಂಟಿಮೀಟರ್ ಗೋಡೆ ಉಳಿಯುತ್ತದೆ. ತೆರೆದಿರುವುದು ಕೆಳಗಿನ 42 ಮಾತ್ರ. ಸೂರಿನ ಅಂಚು ಅಂಗಳದಿಂದ 2.43 ಮೀಟರ್ ಎತ್ತರದಲ್ಲಿರುತ್ತದೆ, ಯಾರೂ ತಲೆ ತಗ್ಗಿಸಬೇಕಿಲ್ಲ. ಜನವರಿ ಬೆಳಿಗ್ಗೆ ಪೂರ್ವದ ಗೋಡೆಯ ನೆರಳು 136 ಸೆಂಟಿಮೀಟರಿಗೆ ಇಳಿಯುತ್ತದೆ, ಒಳಗೆ ಬೆಳಕು ಕಡಿಮೆಯಾಗುತ್ತದೆ. ಅದಕ್ಕೆ ಸಮಿತಿಯವರು ಪಶ್ಚಿಮಕ್ಕೆ ಮಾತ್ರ 90 ಮಾಡಿ, ಪೂರ್ವಕ್ಕೆ 60 ಉಳಿಸಿಕೊಳ್ಳಲು ಒಪ್ಪಿದರು. ಹಂಚಿನ ಹೆಚ್ಚುವರಿ ಖರ್ಚಿಗೆ ಪೂರ್ವದ ದೊಡ್ಡ ಗಾಜಿನ ಕಿಟಕಿಯ ಬದಲು ಮರದ ಬಾಗಿಲಿನ ಎರಡು ಕಿಟಕಿ. ಪುಟ್ಟಿ, ಪೈಂಟಿನ ಮಾತು ಆ ಸಭೆಯಲ್ಲಿ ಬರಲಿಲ್ಲ.

ಪಶ್ಚಿಮದ ಮುಸುಕಿನ ಎತ್ತರವನ್ನು 1.08ರಿಂದ 0.42ಕ್ಕೆ ಬದಲಿಸಿ, ಗಳಗಳ ತುದಿಯನ್ನು ಮುಂದಿನ ಗಿಣ್ಣಿನವರೆಗೆ ಉದ್ದ ಮಾಡಿ, ಅದೇ ಫೈಲಿನಿಂದ ಮತ್ತೆ ರೆಂಡರ್ ತೆಗೆದೆ. ಆ ಪ್ರಿಂಟಿನಲ್ಲಿ ಬೋಲ್ಟ್ ತೂತುಗಳ ಎತ್ತರವನ್ನೂ ಗುರುತಿಸಿ ಮೇಸ್ತ್ರಿಯವರಿಗೆ ಕೊಟ್ಟಿದ್ದೇನೆ. ಮಳೆ ಬಿಟ್ಟ ಮೇಲೆ ಹಲಗೆ ಕಟ್ಟುವಾಗ ಅವರು ಅದನ್ನೇ ನೋಡಿಕೊಳ್ಳುತ್ತಾರೆ.